ರೇಟಿಂಗ್ ಮೊದಲ ಪುಟದಲ್ಲಿ, ಸತ್ಯ ಕೊನೇ ಪುಟದಲ್ಲಿ: ಸೆಬಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ (ಸೆಬಿ),
ಮುಂಬೈ

ಮಾನ್ಯರೇ,

ನಾನು ದಾವಣಗೆರೆಯವನು. ಸಹಕಾರಿ ಬ್ಯಾಂಕೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಬ್ಯಾಲೆನ್ಸ್ ಶೀಟ್ ಓದಲು ಬರುತ್ತದೆ ಅನ್ನುವ ಕಾರಣಕ್ಕೆ ನಮ್ಮ ಬಡಾವಣೆಯವರು, ಹಳೇ ಸಹೋದ್ಯೋಗಿಗಳು ಬ್ರೋಕರೇಜ್ ಸಂಸ್ಥೆಗಳ ರಿಪೋರ್ಟ್‌ಗಳನ್ನು ನನ್ನ ಹತ್ತಿರ ತರುತ್ತಾರೆ. ಷೇರು ಕೊಳ್ಳುವ ಮುಂಚೆ ತರುವವರು ಕಡಿಮೆ. ಕೊಂಡ ಮೇಲೆ, ಬೆಲೆ ಬಿದ್ದ ಮೇಲೆ ತರುವವರೇ ಜಾಸ್ತಿ.

ಆ ರಿಪೋರ್ಟ್‌ಗಳನ್ನು ಮೊದಲ ಪುಟದಿಂದ ಕೊನೇ ಸಾಲಿನವರೆಗೆ ಓದಿದ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟು. 'ಬೈ', 'ಹೋಲ್ಡ್', 'ಸೆಲ್' ಅನ್ನುವ ರೇಟಿಂಗ್, ಅದರ ಪಕ್ಕದ ಟಾರ್ಗೆಟ್ ಬೆಲೆ ಎರಡೂ ಹಳ್ಳಿಯ ಮೊಬೈಲಿಗೂ ನಿಮಿಷದಲ್ಲಿ ತಲುಪುತ್ತವೆ. ಆದರೆ ಆ ರೇಟಿಂಗ್ ಕೊಟ್ಟ ಸಂಸ್ಥೆಗೆ ಅದೇ ಕಂಪನಿಯಿಂದ ಆದಾಯ ಇದೆಯೋ ಇಲ್ಲವೋ ಅನ್ನುವುದು ಯಾರಿಗೂ ತಲುಪುವುದಿಲ್ಲ. ತಲುಪಿದರೂ ಅರ್ಥವಾಗದ ರೂಪದಲ್ಲಿ ತಲುಪುತ್ತದೆ.

ನಾನು ಕಂಡ ಒಂದು ಪ್ರಕರಣವನ್ನೇ ಹೇಳುತ್ತೇನೆ. ಕಂಪನಿಯ ಹೆಸರು, ಬ್ರೋಕರೇಜ್ ಹೆಸರು ಬರೆಯುವುದಿಲ್ಲ. ಗುರುತು ಸಿಗದಿರಲಿ ಅಂತ ಅಂಕಿಗಳನ್ನೂ ಸ್ವಲ್ಪ ಬದಲಿಸಿ ದುಂಡು ಮಾಡಿದ್ದೇನೆ. ಲೆಕ್ಕದ ರೀತಿ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ನಮ್ಮ ಪಕ್ಕದ ರಸ್ತೆಯ ಟೀಚರ್ ಒಬ್ಬರು ಮಧ್ಯಮ ಗಾತ್ರದ ಒಂದು ಕಂಪನಿಯ ಷೇರನ್ನು 820 ರೂಪಾಯಿಗೆ ಕೊಂಡಿದ್ದರು. ರಿಪೋರ್ಟ್‌ನಲ್ಲಿ 'ಬೈ' ಅಂತ ಇತ್ತು, ಟಾರ್ಗೆಟ್ 1,000. ಈ 1,000 ಎಲ್ಲಿಂದ ಬಂತು? ಒಳಪುಟದಲ್ಲಿ ಲೆಕ್ಕ ಇತ್ತು. ಮುಂದಿನ ವರ್ಷ ಪ್ರತಿ ಷೇರಿಗೆ 40 ರೂಪಾಯಿ ಲಾಭ ಬರುತ್ತದೆ ಅನ್ನುವುದು ವಿಶ್ಲೇಷಕರ ಅಂದಾಜು. ಆ ಲಾಭಕ್ಕೆ ಮಾರುಕಟ್ಟೆ 25 ಪಟ್ಟು ಬೆಲೆ ಕೊಡುತ್ತದೆ ಅನ್ನುವುದು ಇನ್ನೊಂದು ಅಂದಾಜು. 40ನ್ನು 25ರಿಂದ ಗುಣಿಸಿದರೆ 1,000. ಎಲ್ಲ ಟಾರ್ಗೆಟ್‌ಗಳೂ ಇಷ್ಟು ಸರಳ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ನಾನು ನೋಡುವ ರಿಪೋರ್ಟ್‌ಗಳಲ್ಲಿ ಜಾಸ್ತಿ ಇರುವುದು ಇದೇ ದಾರಿ.

ಮೂರು ತಿಂಗಳ ನಂತರ ಕಂಪನಿಯ ಫಲಿತಾಂಶ ಬಂತು. ಚೆನ್ನಾಗಿರಲಿಲ್ಲ. ವಿಶ್ಲೇಷಕರು ಲಾಭದ ಅಂದಾಜನ್ನು 40ರಿಂದ 36ಕ್ಕೆ ಇಳಿಸಿದರು. ಹಾಗಾದರೆ ಟಾರ್ಗೆಟ್ ಕೂಡ 900ಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. 25 ಪಟ್ಟು ಇದ್ದದ್ದನ್ನು 28 ಪಟ್ಟು ಮಾಡಿದ್ದರು. 36ನ್ನು 28ರಿಂದ ಗುಣಿಸಿ 1,008. ಮೊದಲ ಪುಟದಲ್ಲಿ 'ಬೈ ಮುಂದುವರಿಕೆ, ಟಾರ್ಗೆಟ್ 1,008ಕ್ಕೆ ಏರಿಕೆ' ಅಂತ ಬಂತು. ಲಾಭ ಶೇ 10ರಷ್ಟು ಕಡಿಮೆ ಆಗುತ್ತದೆ ಅಂತ ತಾವೇ ಬರೆದವರು, ಷೇರಿನ ಬೆಲೆ ಜಾಸ್ತಿ ಆಗುತ್ತದೆ ಅಂತಲೂ ಬರೆದರು. 28 ಪಟ್ಟು ಯಾಕೆ ಅನ್ನುವುದಕ್ಕೆ ಒಂದೇ ಸಾಲು ಇತ್ತು: ಕಂಪನಿಯ ದೀರ್ಘಾವಧಿ ಬೆಳವಣಿಗೆಯ ಬಗ್ಗೆ ವಿಶ್ವಾಸ ಇದೆ ಅಂತ.

ಬೆಲೆ 640ಕ್ಕೆ ಬಂದಾಗ ಮತ್ತೊಂದು ರಿಪೋರ್ಟ್. ಈ ಸಲ ಲೆಕ್ಕದ ವರ್ಷವನ್ನೇ ಮುಂದಕ್ಕೆ ತಳ್ಳಿದ್ದರು. ಅಂದರೆ ಅಲ್ಲಿಯವರೆಗೆ ಹಿಡಿದಿದ್ದ ವರ್ಷದ ಲಾಭ ಬಿಟ್ಟು ಅದರ ಮುಂದಿನ ವರ್ಷದ 38 ರೂಪಾಯಿ ಹಿಡಿದು, 22 ಪಟ್ಟು ಹಾಕಿ, ಟಾರ್ಗೆಟ್ 836 ಮಾಡಿದ್ದರು. ಆಗಲೂ 'ಬೈ'. 640ರಿಂದ 836ಕ್ಕೆ ಶೇ 30ಕ್ಕಿಂತ ಜಾಸ್ತಿ ಏರಿಕೆ ಕಾಣುತ್ತದೆ. ಬೆಲೆ ಬಿದ್ದಷ್ಟೂ ಲಾಭದ ಆಸೆ ದೊಡ್ಡದಾಗಿಯೇ ಕಾಣುವ ಹಾಗೆ ಲೆಕ್ಕ ಇತ್ತು. ಕೊನೆಗೆ ಬೆಲೆ 510ಕ್ಕೆ ಬಿದ್ದಾಗ 36ನ್ನು 15ರಿಂದ ಗುಣಿಸಿ, 540 ಟಾರ್ಗೆಟ್ ಕೊಟ್ಟು, 'ಹೋಲ್ಡ್' ಅಂದರು. 820ರಿಂದ 510ರವರೆಗೆ ಒಂದು ಸಲವೂ 'ಸೆಲ್' ಬರಲಿಲ್ಲ.

ಟೀಚರ್ ಆ ಕೊನೇ ರಿಪೋರ್ಟ್ ತಂದು ಕೇಳಿದ್ದು ಇಷ್ಟೇ: "ಹೋಲ್ಡ್ ಅಂತ ಹಾಕಿದಾರಲ್ಲ ಅಣ್ಣಾ, ಹಾಗಾದ್ರೆ ಇಟ್ಕೊಬೇಕು ತಾನೇ?"

ಅವರ ತಪ್ಪೇನೂ ಇಲ್ಲ. ಅಲ್ಲಿ ಬರೆದಿದ್ದನ್ನೇ ಓದಿದ್ದಾರೆ. ಆದರೆ ಆ ಸಂಸ್ಥೆಯ ರಿಪೋರ್ಟ್‌ನ ಕೊನೇ ಪುಟದಲ್ಲಿ ರೇಟಿಂಗ್‌ನ ಅರ್ಥ ಕೊಟ್ಟಿತ್ತು. ಮುಂದಿನ 12 ತಿಂಗಳಲ್ಲಿ ಶೇ 15ಕ್ಕಿಂತ ಜಾಸ್ತಿ ಏರಬಹುದು ಅನ್ನಿಸಿದರೆ 'ಬೈ'. ಶೇ 10ಕ್ಕಿಂತ ಜಾಸ್ತಿ ಬೀಳಬಹುದು ಅನ್ನಿಸಿದರೆ 'ಸೆಲ್'. ನಡುವಿನದ್ದೆಲ್ಲ 'ಹೋಲ್ಡ್'. ಅಂದರೆ ಶೇ 9ರಷ್ಟು ನಷ್ಟ ಆಗಬಹುದು ಅನ್ನುವ ಷೇರೂ ಅವರ ಲೆಕ್ಕದಲ್ಲಿ 'ಹೋಲ್ಡ್'! ಇನ್ನೊಂದು ಸಂಸ್ಥೆಯಲ್ಲಿ ಶೇ 10 ಏರಿದರೆ ಸಾಕು, 'ಬೈ'. ಮತ್ತೊಂದರಲ್ಲಿ ಷೇರು ಸೂಚ್ಯಂಕಕ್ಕಿಂತ ಚೆನ್ನಾಗಿ ಓಡುತ್ತದೋ ಇಲ್ಲವೋ ಅಂತ ನೋಡಿ ರೇಟಿಂಗ್ ಕೊಡುತ್ತಾರೆ. ಅಂಥ ಕಡೆ ಇಡೀ ಪೇಟೆ ಶೇ 20 ಬಿದ್ದು ಈ ಷೇರು ಶೇ 12 ಮಾತ್ರ ಬಿದ್ದರೆ ಅವರ ಮಾತು ನಿಜವಾದ ಹಾಗೇ. ಹೂಡಿಕೆದಾರನ ದುಡ್ಡು ಮಾತ್ರ ಹೋಗಿರುತ್ತದೆ. ಟೀಚರ್ ಕೈಯಲ್ಲಿದ್ದ 'ಹೋಲ್ಡ್' ಹೇಳುತ್ತಿದ್ದದ್ದು ವರ್ಷಕ್ಕೆ ಶೇ 6ರಷ್ಟು ಏರಿಕೆ. ಅಪಾಯ ತೀರಾ ಕಡಿಮೆ ಇರುವ ಬ್ಯಾಂಕ್ ಎಫ್‌ಡಿಯಲ್ಲೂ ಹೆಚ್ಚು ಕಡಿಮೆ ಅಷ್ಟು ಸಿಗುತ್ತದೆ.

'ಸೆಲ್' ಅನ್ನುವುದು ಅಪರೂಪ ಆಗಿರುವ ಕಡೆ 'ಹೋಲ್ಡ್' ಆ ಕೆಲಸ ಮಾಡುತ್ತದೆ. ದೊಡ್ಡ ಫಂಡ್ ನಡೆಸುವವರಿಗೆ ಇದು ಗೊತ್ತು. 'ಬೈ' ಇದ್ದದ್ದು 'ಹೋಲ್ಡ್' ಆದ ದಿನವೇ ಅವರು ಮಾರುವ ಯೋಚನೆ ಮಾಡುತ್ತಾರೆ. ಅವರಿಗೆ ಬೇಕಿರುವುದು ವಿಶ್ಲೇಷಕರ ರೇಟಿಂಗ್ ಅಲ್ಲ, ಲಾಭದ ಅಂದಾಜು, ಉದ್ಯಮದ ಮಾಹಿತಿ, ಕಂಪನಿಯ ಮ್ಯಾನೇಜ್‌ಮೆಂಟ್ ಜೊತೆ ಮೀಟಿಂಗ್. ರೇಟಿಂಗ್ ಅನ್ನು ಅಕ್ಷರಶಃ ನಂಬಿ ನಡೆಯುವವರು ನಮ್ಮಂಥವರು ಮಾತ್ರ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಮೊದಲ 'ಬೈ' ರಿಪೋರ್ಟ್ ಬರುವುದಕ್ಕೆ ಕೆಲವು ತಿಂಗಳ ಹಿಂದೆ ಆ ಕಂಪನಿ ಕ್ಯೂಐಪಿ ಮೂಲಕ, ಅಂದರೆ ದೊಡ್ಡ ಸಂಸ್ಥೆಗಳಿಗೆ ನೇರವಾಗಿ ಷೇರು ಮಾರಿ ಬಂಡವಾಳ ಎತ್ತಿತ್ತು. ಅದರ ಪ್ಲೇಸ್‌ಮೆಂಟ್ ಡಾಕ್ಯುಮೆಂಟ್ ಷೇರು ವಿನಿಮಯ ಕೇಂದ್ರದ ಸೈಟ್‌ನಲ್ಲಿ ಇತ್ತು. ಮುಖಪುಟದ ಕೆಳಗೆ ಲೀಡ್ ಮ್ಯಾನೇಜರ್‌ಗಳ ಹೆಸರು ಇರುತ್ತದೆ, ಅಲ್ವಾ? ಅಲ್ಲಿ ಇದೇ ಬ್ರೋಕರೇಜ್‌ನ ಸಮೂಹ ಸಂಸ್ಥೆಯ ಹೆಸರಿತ್ತು. ಅಂದರೆ ಆ ಷೇರುಗಳನ್ನು ಮಾರಿಸಿಕೊಟ್ಟು ಕಂಪನಿಯಿಂದ ಶುಲ್ಕ ಪಡೆದ ಸಮೂಹವೇ, ಕೆಲವು ತಿಂಗಳಾದ ಮೇಲೆ ಜನರಿಗೆ ಅದೇ ಷೇರು ಕೊಳ್ಳಿ ಅಂತ ಹೇಳಿತ್ತು. ನಮ್ಮೂರಿನ ಮಂಡಿಯಲ್ಲಿ ರೈತನ ಮೆಕ್ಕೆಜೋಳ ಮಾರಿಸಿಕೊಡುವ ದಲ್ಲಾಳಿಯೇ ಕೊಳ್ಳುವವನ ಬಳಿ ಹೋಗಿ ಮಾಲಿನ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಟ್ಟ ಹಾಗೆ ಇದು.

ಇದು ಕಾನೂನುಬಾಹಿರ ಅಂತ ನಾನು ಹೇಳುತ್ತಿಲ್ಲ. ಸಮೂಹದಲ್ಲಿ ಎರಡೂ ವ್ಯವಹಾರ ಇರಬಹುದು. ಆದರೆ ಓದುಗನಿಗೆ ಅದನ್ನು ಹೇಳಬೇಕು. ಮಂಡಳಿಯೇ 2014ರಲ್ಲಿ ತಂದ ರಿಸರ್ಚ್ ಅನಲಿಸ್ಟ್ ನಿಯಮಗಳು ಇದನ್ನು ಕೇಳುತ್ತವೆ. ವಿಶ್ಲೇಷಕರಿಗೆ ಅಥವಾ ಸಂಸ್ಥೆಗೆ ಆ ಕಂಪನಿಯಲ್ಲಿ ಹಣಕಾಸಿನ ಹಿತಾಸಕ್ತಿ ಇದೆಯೇ, ಶೇ 1 ಅಥವಾ ಅದಕ್ಕಿಂತ ಜಾಸ್ತಿ ಷೇರು ಇದೆಯೇ, ಕಳೆದ 12 ತಿಂಗಳಲ್ಲಿ ಬಂಡವಾಳ ಎತ್ತಿಕೊಡುವ ಮರ್ಚೆಂಟ್ ಬ್ಯಾಂಕಿಂಗ್ ಅಥವಾ ಬ್ರೋಕರೇಜ್ ಸೇವೆಗೆ ಹಣ ಬಂದಿದೆಯೇ ಅಂತ ರಿಪೋರ್ಟ್‌ನಲ್ಲಿ ಹೇಳಬೇಕು. ಇದು ಒಳ್ಳೆಯ ನಿಯಮ. ಕೇಳಿದ ಪ್ರಶ್ನೆಗಳೂ ಸರಿಯಾದವೇ.

ಉತ್ತರ ಹೇಗೆ ಬರುತ್ತಿದೆ ಅನ್ನುವುದನ್ನು ದಯವಿಟ್ಟು ತಾವೇ ಒಮ್ಮೆ ನೋಡಬೇಕು. ನನ್ನ ಕೈಯಲ್ಲಿದ್ದ ರಿಪೋರ್ಟ್‌ನ ಕೊನೇ ಪುಟದಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ ಇದ್ದ ಸಾಲಿನ ಸಾರಾಂಶ ಇದು: "ನಮ್ಮ ಸಂಸ್ಥೆ ಅಥವಾ ಸಹಸಂಸ್ಥೆಗಳು ಕಳೆದ ಹನ್ನೆರಡು ತಿಂಗಳಲ್ಲಿ ಈ ಕಂಪನಿಯಿಂದ ಮರ್ಚೆಂಟ್ ಬ್ಯಾಂಕಿಂಗ್ ಸೇವೆಗೆ ಸಂಭಾವನೆ ಪಡೆದಿರಬಹುದು." ಪಡೆದಿದ್ದೇವೆ ಅಂತಲೂ ಇಲ್ಲ, ಪಡೆದಿಲ್ಲ ಅಂತಲೂ ಇಲ್ಲ. ಅದೇ ಸಂಸ್ಥೆಯ ಬೇರೆ ಬೇರೆ ಕಂಪನಿಗಳ ರಿಪೋರ್ಟ್ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಸಾಲು. ಹಣ ಪಡೆದ ಕಂಪನಿಗೂ, ಏನೂ ಸಂಬಂಧ ಇಲ್ಲದ ಕಂಪನಿಗೂ ಒಂದೇ ಉತ್ತರ ಕೊಟ್ಟರೆ ಓದುಗನಿಗೆ ಏನು ತಿಳಿದ ಹಾಗಾಯಿತು? ಹೇಳಿದ ಶಾಸ್ತ್ರ ಮುಗಿಯಿತು, ವಿಷಯ ಗುಟ್ಟಾಗಿಯೇ ಉಳಿಯಿತು. ಎಲ್ಲ ಸಂಸ್ಥೆಗಳೂ ಹೀಗೆ ಮಾಡುವುದಿಲ್ಲ. ಹೌದು, ಇಲ್ಲ ಅಂತ ಸ್ಪಷ್ಟವಾಗಿ ಪಟ್ಟಿ ಮಾಡಿ ಕೊಡುವವರನ್ನೂ ನೋಡಿದ್ದೇನೆ. ಅವರಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಆಗುವುದಿಲ್ಲ?

ಈ ಬಗ್ಗೆ ಆ ಬ್ರೋಕರೇಜ್‌ನ ಗ್ರಾಹಕ ಸೇವೆಗೆ ಬರೆದಿದ್ದೆ. ಅವರ ಉತ್ತರವನ್ನೂ ನ್ಯಾಯವಾಗಿ ಇಲ್ಲಿ ಹೇಳಬೇಕು. ಸಂಶೋಧನಾ ವಿಭಾಗಕ್ಕೂ ಮರ್ಚೆಂಟ್ ಬ್ಯಾಂಕಿಂಗ್ ವಿಭಾಗಕ್ಕೂ ನಡುವೆ ಗೋಡೆ ಇದೆ, ಆ ಕಡೆ ಯಾವ ಕೆಲಸ ನಡೆಯುತ್ತಿದೆ ಅಂತ ವಿಶ್ಲೇಷಕರಿಗೆ ಗೊತ್ತಾಗಬಾರದು, ಹಾಗಾಗಿ ಖಚಿತವಾಗಿ ಬರೆಯಲು ಆಗುವುದಿಲ್ಲ ಅಂದರು. ಇನ್ನೂ ನಡೆಯುತ್ತಿರುವ, ಗುಟ್ಟಾಗಿರುವ ವ್ಯವಹಾರದ ಮಟ್ಟಿಗೆ ಈ ಮಾತು ಸರಿ. ಅದನ್ನು ಬರೆದರೆ ಒಳಗಿನ ಸುದ್ದಿ ಹೊರಗೆ ಬಿಟ್ಟ ಹಾಗಾಗುತ್ತದೆ. ಆದರೆ ಮುಗಿದು ಹೋದ ಐಪಿಒ, ಮುಗಿದ ಕ್ಯೂಐಪಿ ಗುಟ್ಟಲ್ಲ. ಲೀಡ್ ಮ್ಯಾನೇಜರ್ ಹೆಸರು ಊರಿಗೆಲ್ಲ ಗೊತ್ತು. ದಾವಣಗೆರೆಯಲ್ಲಿ ಕೂತು ನಾನು ಹುಡುಕಿ ತೆಗೆದದ್ದನ್ನು ನಿಯಮ ಪಾಲನೆ ನೋಡಿಕೊಳ್ಳುವ ಅವರದ್ದೇ ಕಂಪ್ಲಯನ್ಸ್ ವಿಭಾಗ ತೆಗೆಯಲಾರದೇ? ವಿಶ್ಲೇಷಕರು ರಿಪೋರ್ಟ್ ಬರೆದು ಮುಗಿಸಲಿ. ಹೊರಗೆ ಹೋಗುವ ಮುಂಚೆ ಕಂಪ್ಲಯನ್ಸ್‌ನವರು ಆ ಉತ್ತರ ತುಂಬಲಿ. ಗೋಡೆ ಇದ್ದ ಹಾಗೇ ಇರುತ್ತದೆ.

ಮರ್ಚೆಂಟ್ ಬ್ಯಾಂಕಿಂಗ್ ಶುಲ್ಕ ಒಂದೇ ಕಾರಣ ಅಲ್ಲ ಅನ್ನುವುದೂ ನನಗೆ ಗೊತ್ತು. ಶುಲ್ಕಕ್ಕೂ ವಿಶ್ಲೇಷಕರ ಸಂಬಳಕ್ಕೂ ನೇರ ಗಂಟು ಹಾಕಬಾರದು ಅಂತ ನಿಮ್ಮ ನಿಯಮ ಇದೆ. ಆದರೆ 'ಸೆಲ್' ಅಂತ ಬರೆದರೆ ಕಂಪನಿಯವರು ಮುಂದಿನ ಸಲ ಫೋನ್ ಎತ್ತದೆ ಇರಬಹುದು. ಮೀಟಿಂಗ್ ಕೊಡದೆ ಇರಬಹುದು. ಆ ಷೇರನ್ನು ದೊಡ್ಡದಾಗಿ ಇಟ್ಟುಕೊಂಡ ಫಂಡ್‌ಗಳು ಅದೇ ಬ್ರೋಕರೇಜ್‌ನ ದೊಡ್ಡ ಗ್ರಾಹಕರು. ಅವರಿಗೂ 'ಸೆಲ್' ಇಷ್ಟ ಆಗುವುದಿಲ್ಲ. ಇಂಥ ಒತ್ತಡಗಳನ್ನು ಯಾವ ನಿಯಮವೂ ಪೂರ್ತಿ ತೆಗೆಯಲಾರದು. ಶುಲ್ಕದ ಸಂಬಂಧ ಹಾಗಲ್ಲ. ಅದನ್ನು ಹೌದು ಅಥವಾ ಇಲ್ಲ ಅಂತ ಒಂದು ಪದದಲ್ಲಿ ಹೇಳಬಹುದು. ಅದಕ್ಕೇ ನಾನು ಅದನ್ನೇ ಹಿಡಿದು ಕೇಳುತ್ತಿದ್ದೇನೆ.

ಸಂಬಂಧ ಇಲ್ಲದವರು ಎಷ್ಟು ನೇರವಾಗಿ ಬರೆಯಬಹುದು ಅನ್ನುವುದಕ್ಕೆ ದೇಶವೇ ನೋಡಿದ ಒಂದು ಉದಾಹರಣೆ ಇದೆ. 2021ರ ನವೆಂಬರ್‌ನಲ್ಲಿ ಪೇಟಿಎಂನ ಮಾತೃಸಂಸ್ಥೆ ಒನ್97 ಕಮ್ಯುನಿಕೇಷನ್ಸ್ 18,300 ಕೋಟಿ ರೂಪಾಯಿಯ ಐಪಿಒ ತಂದಿತು. ಷೇರಿಗೆ 2,150 ರೂಪಾಯಿ. ನವೆಂಬರ್ 18ರಂದು ಷೇರು ಪೇಟೆಗೆ ಬಂತು. ಐಪಿಒ ನಡೆಸಿಕೊಟ್ಟವರ ಪಟ್ಟಿಯಲ್ಲಿ ಇಲ್ಲದ ಮ್ಯಾಕ್ವರಿ ಸಂಸ್ಥೆ ಅದೇ ದಿನ 'ಸೆಲ್'ಗೆ ಸಮನಾದ 'ಅಂಡರ್‌ಪರ್ಫಾರ್ಮ್' ರೇಟಿಂಗ್ ಕೊಟ್ಟು, 1,200 ರೂಪಾಯಿ ಟಾರ್ಗೆಟ್ ಇಟ್ಟಿತು. ಐಪಿಒ ಬೆಲೆಗಿಂತ ಶೇ 44 ಕಡಿಮೆ. ಆ ದಿನ ಷೇರು ಶೇ 27ರಷ್ಟು ಬಿದ್ದು 1,560ರ ಆಸುಪಾಸಿನಲ್ಲಿ ಮುಗಿಯಿತು. ಮುಂದಿನ ವರ್ಷ 500ಕ್ಕಿಂತಲೂ ಕೆಳಗೆ ಹೋಯಿತು.

ಆದರೆ ಈ ಕಥೆಯ ಉಳಿದ ಭಾಗವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2023ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ರೇಟಿಂಗ್ ಅನ್ನು 'ಬೈ'ಗೆ ಸಮನಾದ 'ಔಟ್‌ಪರ್ಫಾರ್ಮ್'ಗೆ ಏರಿಸಿ 800 ಟಾರ್ಗೆಟ್ ಕೊಟ್ಟಿತು. ಒಂದು ವರ್ಷದ ನಂತರ, ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ಕ್ರಮ ಕೈಗೊಂಡಾಗ, ಮತ್ತೆ 'ಅಂಡರ್‌ಪರ್ಫಾರ್ಮ್' ಮಾಡಿ ಟಾರ್ಗೆಟ್ ಅನ್ನು 275ಕ್ಕೆ ಇಳಿಸಿತು. ಷೇರು 300ರ ಮೇಲೇ ನಿಂತು, ಅದೇ ವರ್ಷದ ಕೊನೆಗೆ 900 ದಾಟಿತು. ಪ್ರಾಮಾಣಿಕವಾಗಿ, ಧೈರ್ಯವಾಗಿ ಬರೆದವರ ಟಾರ್ಗೆಟ್ ಕೂಡ ತಪ್ಪಬಹುದು. ಟಾರ್ಗೆಟ್ ತಪ್ಪಿದ್ದಕ್ಕೆ ವಿಶ್ಲೇಷಕರಿಗೆ ಶಿಕ್ಷೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಹಾಗೇನಾದರೂ ಮಾಡಿದರೆ ಎಲ್ಲರೂ ಒಂದೇ ಟಾರ್ಗೆಟ್ ಬರೆದು ಗುಂಪಿನಲ್ಲಿ ಸುರಕ್ಷಿತವಾಗಿ ಇದ್ದುಬಿಡುತ್ತಾರೆ. ತಪ್ಪುವ ಸ್ವಾತಂತ್ರ್ಯ ಅವರಿಗೆ ಇರಲಿ. ಅವರ ಸಂಸ್ಥೆ ಯಾರಿಂದ ಹಣ ಪಡೆದಿದೆ ಅಂತ ತಿಳಿಯುವ ಹಕ್ಕು ನಮಗಿರಲಿ.

ಅಮೆರಿಕದಲ್ಲಿ ಇದು ಹಗರಣ ಆದ ಮೇಲೆ ಸರಿಹೋಯಿತು. ತಾವು ಜನರಿಗೆ ಕೊಳ್ಳಿ ಅಂತ ಹೇಳುತ್ತಿದ್ದ ಷೇರುಗಳನ್ನೇ ವಿಶ್ಲೇಷಕರು ಒಳಗಿನ ಇ-ಮೇಲ್‌ಗಳಲ್ಲಿ ಹೀನಾಯವಾಗಿ ಬೈದುಕೊಂಡಿದ್ದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಅವರ ತನಿಖೆಯಲ್ಲಿ ಹೊರಬಿತ್ತು. 2003ರಲ್ಲಿ ಹತ್ತು ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಆ ಹಗರಣದ ಕಾಲದಿಂದ ಉಳಿದುಕೊಂಡ ಒಂದು ನಿಯಮ ನನಗೆ ಬಹಳ ಉಪಯುಕ್ತ ಅನ್ನಿಸುತ್ತದೆ. ಪ್ರತಿ ಸಂಸ್ಥೆಯೂ ತಾನು ರೇಟಿಂಗ್ ಕೊಡುವ ಕಂಪನಿಗಳಲ್ಲಿ ಶೇಕಡ ಎಷ್ಟಕ್ಕೆ 'ಬೈ', ಎಷ್ಟಕ್ಕೆ 'ಹೋಲ್ಡ್', ಎಷ್ಟಕ್ಕೆ 'ಸೆಲ್' ಅಂತ ಅಲ್ಲಿನ ರಿಪೋರ್ಟ್‌ನಲ್ಲಿ ಹೇಳಬೇಕು. ಜೊತೆಗೆ, ಆ ಒಂದೊಂದು ಗುಂಪಿನಲ್ಲೂ ಶೇಕಡ ಎಷ್ಟು ಕಂಪನಿಗಳಿಗೆ ಕಳೆದ 12 ತಿಂಗಳಲ್ಲಿ ಬಂಡವಾಳ ಎತ್ತಿಕೊಡುವಂಥ ಬ್ಯಾಂಕಿಂಗ್ ಸೇವೆ ಕೊಟ್ಟಿದೆ ಅಂತಲೂ ಹೇಳಬೇಕು.

ಈ ಪುಟ್ಟ ಕೋಷ್ಟಕ ಎಷ್ಟು ಹೇಳುತ್ತದೆ ನೋಡಿ. ಒಂದು ಸಂಸ್ಥೆ ನೂರು ಕಂಪನಿಗಳಲ್ಲಿ 80ಕ್ಕೆ 'ಬೈ', 17ಕ್ಕೆ 'ಹೋಲ್ಡ್', 3ಕ್ಕೆ 'ಸೆಲ್' ಕೊಟ್ಟಿದೆ ಅಂದುಕೊಳ್ಳೋಣ. ಆಗ ಅದರ 'ಬೈ'ಗೆ ತೂಕ ಕಡಿಮೆ ಅಂತ ಯಾರಿಗಾದರೂ ಅರ್ಥವಾಗುತ್ತದೆ. 80ರಲ್ಲಿ 20 ಕಂಪನಿಗಳು ಅದರ ಶುಲ್ಕದ ಗ್ರಾಹಕರು, 'ಸೆಲ್' ಗುಂಪಿನಲ್ಲಿ ಒಬ್ಬ ಗ್ರಾಹಕನೂ ಇಲ್ಲ ಅಂತ ಇದ್ದರೆ ಇನ್ನೂ ಬೇರೆ ವಿವರಣೆ ಬೇಕಾಗುವುದಿಲ್ಲ. ನಮ್ಮಲ್ಲೂ ಕೆಲವು ಸಂಸ್ಥೆಗಳು ಈ ಕೋಷ್ಟಕವನ್ನು ಹಾಕುತ್ತವೆ. ಎಲ್ಲರೂ ಹಾಕುವಂತೆ ಮಾಡುವುದು ಮಂಡಳಿಯ ಕೈಯಲ್ಲಿದೆ.

ಹಾಗಾಗಿ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಮೊದಲನೆಯದಾಗಿ, ಕಳೆದ 12 ತಿಂಗಳಲ್ಲಿ ಈ ಕಂಪನಿಯಿಂದ ಸಮೂಹದ ಯಾವುದೇ ಸಂಸ್ಥೆ ಹಣ ಪಡೆದಿದೆಯೇ ಅನ್ನುವ ಪ್ರಶ್ನೆಗೆ 'ಹೌದು' ಅಥವಾ 'ಇಲ್ಲ' ಅಂತ ಮಾತ್ರ ಉತ್ತರ ಇರಬೇಕು. 'ಪಡೆದಿರಬಹುದು' ಅನ್ನುವ ಉತ್ತರವನ್ನು ನಿಯಮ ಪಾಲಿಸಿದ ಹಾಗೆ ಅಂತ ಒಪ್ಪಿಕೊಳ್ಳಬಾರದು. ಆ ಉತ್ತರ ಮೊದಲ ಪುಟದಲ್ಲಿ, ಟಾರ್ಗೆಟ್ ಬೆಲೆ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. 'ಹೌದು' ಆಗಿದ್ದರೆ ಯಾವ ಕೆಲಸಕ್ಕೆ ಅಂತ ಒಂದು ಸಾಲು ಸಾಕು.

ಅದರ ಕೆಳಗೇ ಟಾರ್ಗೆಟ್‌ನ ಹಿಂದಿನ ದಾರಿ ಇರಲಿ. ರಿಪೋರ್ಟ್‌ಗಳಲ್ಲಿ ಈಗ ಕೊಡುವ ಷೇರು ಬೆಲೆಯ ಗ್ರಾಫ್‌ನಲ್ಲಿ ಟೀಚರ್‌ಗೆ ಆದದ್ದು ಕಾಣುವುದಿಲ್ಲ. ಪ್ರತಿ ಸಲ ಟಾರ್ಗೆಟ್ ಬದಲಿಸಿದ ದಿನಾಂಕ, ಆಗ ಹಿಡಿದ ಲಾಭ, ಅದು ಯಾವ ವರ್ಷದ ಲಾಭ, ಹಾಕಿದ ಪಟ್ಟು ಇಷ್ಟು ಕೊಟ್ಟರೆ ಸಾಕು. 40, 36, 38, 36 ಅಂತ ಲಾಭ ಓಡಾಡಿದ್ದು, 25, 28, 22, 15 ಅಂತ ಪಟ್ಟು ಕುಣಿದದ್ದು ಒಂದೇ ನೋಟಕ್ಕೆ ಕಾಣುತ್ತಿತ್ತು. ಎರಡನೇ ರಿಪೋರ್ಟ್ ಬಂದ ದಿನವೇ ಅವರಿಗೆ ಅನುಮಾನ ಬರುತ್ತಿತ್ತು.

ರೇಟಿಂಗ್‌ಗಳ ಶೇಕಡವಾರು ಕೋಷ್ಟಕವನ್ನು ಕಡ್ಡಾಯ ಮಾಡಿ ಅನ್ನುವುದು ಇನ್ನೊಂದು ಕೋರಿಕೆ. ವಿಶ್ಲೇಷಕರ ಹಿಂದಿನ ಸಾಧನೆಯನ್ನು ಪರಿಶೀಲಿಸುವ ಏಜೆನ್ಸಿಗೆ 2025ರ ಏಪ್ರಿಲ್‌ನಲ್ಲಿ ಮಂಡಳಿ ಚೌಕಟ್ಟು ಹಾಕಿಕೊಟ್ಟಿದೆ. ಅದು ಒಳ್ಳೆಯ ಹೆಜ್ಜೆ. ಆದರೆ ತನ್ನ ಸಾಧನೆಯನ್ನು ತೋರಿಸಿಕೊಳ್ಳಲು ಇಷ್ಟ ಇರುವವರು ಅಲ್ಲಿಗೆ ಹೋಗುತ್ತಾರೆ. ಚೆನ್ನಾಗಿಲ್ಲದವರು ಸುಮ್ನೆ ಹೋಗಿ ಯಾಕೆ ತೋರಿಸಿಕೊಳ್ಳುತ್ತಾರೆ? ಸಾರ್ವಜನಿಕವಾಗಿ ರೇಟಿಂಗ್ ಕೊಡುವ ಎಲ್ಲರಿಗೂ ಅದು ಅನ್ವಯ ಆಗುವ ದಿನ ಬರಲಿ.

ಕೊನೆಯದು ಆ್ಯಪ್ ಮತ್ತು ಟಿವಿ ವಿಷಯ. ಇವತ್ತು ಜಾಸ್ತಿ ಜನ ಪೂರ್ತಿ ರಿಪೋರ್ಟ್ ನೋಡುವುದೇ ಇಲ್ಲ. ಟ್ರೇಡಿಂಗ್ ಆ್ಯಪ್ ತೆರೆದರೆ ಹಸಿರು ಬಣ್ಣದಲ್ಲಿ 'ಶೇ 85 ವಿಶ್ಲೇಷಕರು ಬೈ ಅನ್ನುತ್ತಾರೆ' ಅಂತ ಬರುತ್ತದೆ. ಆ ಶೇ 85ರಲ್ಲಿ ಎಷ್ಟು ಮಂದಿಯ ಸಂಸ್ಥೆಗಳು ಆ ಕಂಪನಿಗೆ ಕೆಲಸ ಮಾಡಿಕೊಟ್ಟಿವೆ? ಅವುಗಳಲ್ಲಿ ಎಷ್ಟು ರಿಪೋರ್ಟ್ ಆರು ತಿಂಗಳು ಹಳೆಯವು? ಅಲ್ಲಿ ಏನೂ ಇರುವುದಿಲ್ಲ. ರೇಟಿಂಗ್ ಎಲ್ಲೆಲ್ಲಿಗೆ ಹೋಗುತ್ತದೋ ಆ 'ಹೌದು' ಅಥವಾ 'ಇಲ್ಲ' ಕೂಡ ಅದರ ಜೊತೆಗೇ ಹೋಗಬೇಕು, ರಿಪೋರ್ಟ್‌ನ ದಿನಾಂಕದ ಸಮೇತ. ಟಿವಿಯ ಕೆಳಪಟ್ಟಿಯಲ್ಲಿ ಟಾರ್ಗೆಟ್‌ಗೆ ಜಾಗ ಇದ್ದರೆ ಈ ಒಂದು ಪದಕ್ಕೂ ಜಾಗ ಸಿಗುತ್ತದೆ.

ಮೇಲೆ ಹೇಳಿದ ಪ್ರಕರಣದ ರಿಪೋರ್ಟ್‌ಗಳು, ಕ್ಯೂಐಪಿ ದಾಖಲೆಯ ಮುಖಪುಟ, ಬ್ರೋಕರೇಜ್ ಕೊಟ್ಟ ಉತ್ತರ ಎಲ್ಲವೂ ನನ್ನ ಬಳಿ ಇವೆ. ಮಂಡಳಿಯ ಅಧಿಕಾರಿಗಳು ಕೇಳಿದರೆ ಹೆಸರು ಸಮೇತ ಕಳಿಸಲು ಸಿದ್ಧನಿದ್ದೇನೆ. ಈ ನಿಯಮಗಳ ತಿದ್ದುಪಡಿಗೆ ಮುಂದೆ ಸಾರ್ವಜನಿಕರ ಅಭಿಪ್ರಾಯ ಕೇಳುವಾಗ ಕನ್ನಡದಲ್ಲಿ ಬರೆದ ಪತ್ರಗಳನ್ನೂ ಸ್ವೀಕರಿಸಬೇಕು ಅಂತ ವಿನಂತಿ. ನಮ್ಮ ಕಡೆ ಇದರಿಂದ ನಷ್ಟ ಅನುಭವಿಸಿದವರಲ್ಲಿ ಹಲವರಿಗೆ ಬರೆಯುವುದು ತುಂಬಾ ಇದೆ, ಇಂಗ್ಲಿಷ್ ಮಾತ್ರ ಬರುವುದಿಲ್ಲ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಹೂಡಿಕೆದಾರ
ದಾವಣಗೆರೆ